ಹನ್ನೆರಡು ಪಾಠ, ಒಂದು ಪ್ಲೇಲಿಸ್ಟ್

ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಬ್ಲೌಸ್ ಹೊಲಿಗೆಯನ್ನು ಹನ್ನೆರಡು ವಿಡಿಯೊಗಳಲ್ಲಿ ಕಲಿಸಿದ್ದೆ. ಚಾನೆಲ್ ಮಾತ್ರ ಭಾವನವರ ಫೋನಿನಲ್ಲಿತ್ತು. ಅವರು ನನ್ನ ಗಂಡನ ಅಣ್ಣ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಅವರ ಅಂಗಡಿ ಇತ್ತು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದರು. ನಾನು ವಿಡಿಯೊ ಕಳಿಸಿದರೆ ತಮಗೆ ತೋಚಿದ ಹೆಸರಿಟ್ಟು ಹಾಕುತ್ತಿದ್ದರು. ಪ್ಲೇಲಿಸ್ಟಿನ ಹೆಸರು ‘ನಮ್ಮ ಮನೆತನದ ಹೆಮ್ಮೆ’. ಅದರಲ್ಲಿ ನನ್ನ ಪಾಠಗಳ ನಡುವೆ ಸೀಮಂತ, ಗೃಹಪ್ರವೇಶ ಎಲ್ಲ ಇದ್ದವು. ಚಾನೆಲ್ ವಿವರಣೆಯಲ್ಲಿ ಹಿರಿಯರ ಗುಣಗಾನವಿತ್ತು. ಬ್ಲೌಸ್ ಎಂಬ ಮಾತೇ ಇರಲಿಲ್ಲ.

ಒಂದು ದಿನ ಔರಾದಿನಿಂದ ತಂಗಿ ಫೋನು ಮಾಡಿದಳು. ದನಿ ಅಳುವ ಹಾಗಿತ್ತು.

“ಅಕ್ಕಾ, ತೋಳು ಹಚ್ಚೋ ವಿಡಿಯೊ ಒಂದ ಸಿಕ್ತು ನೋಡು. ಬಗಲಿನ ಅಳತಿ ತೊಗೊಳ್ಳೋದು ಎಷ್ಟ ಹುಡುಕಿದ್ರೂ ಸಿಗಲಿಲ್ಲ. ಅಂದಾಜಲೇ ಕತ್ತರಿಸಿದೆ. ಅರಿವಿ ಹಾಳಾತು.”

ನನ್ನ ತಂಗಿಗೇ ನನ್ನ ಪಾಠ ಸಿಗಲಿಲ್ಲ. ಆ ಭಾನುವಾರ ಊಟವಾದ ಮೇಲೆ ಭಾವನವರ ಮುಂದೆ ನಿಂತೆ.

“ಒಂದ ತಾಸು ಫೋನ್ ಕೊಡ್ರಿ. ಹೆಸರು ಬದಲಿ ಮಾಡ್ಬೇಕು.”

“ಮನೆತನದ ಹೆಸರು ತಗೀತೀ ಏನವಾ?”

“ತಗಿಯಂಗಿಲ್ರಿ, ಕೊನಿಗಿ ಇಡ್ತೇನಿ. ಮಂದಿ ಹುಡುಕೋದು ಬ್ಲೌಸ್ ಕಟಿಂಗ್ ಅಂತ.”

ಫೋನು ಕೊಟ್ಟರು, ಆದರೆ ಪಕ್ಕದಲ್ಲೇ ಕೂತು ನನ್ನ ಬೆರಳನ್ನೇ ನೋಡುತ್ತಿದ್ದರು. ಪಾಠಗಳಿಗಾಗಿ ಹೊಸ ಪ್ಲೇಲಿಸ್ಟ್ ಮಾಡಿ ‘ಬ್ಲೌಸ್ ಕಟಿಂಗ್ ಮತ್ತು ಹೊಲಿಗೆ, ಮೊದಲಿನಿಂದ’ ಎಂದು ಹೆಸರಿಟ್ಟೆ. ಪ್ರತಿ ವಿಡಿಯೊದ ಶೀರ್ಷಿಕೆಯಲ್ಲೂ ಅದೇ ಮಾತು, ಆಮೇಲೆ ಭಾಗದ ಸಂಖ್ಯೆ, ಆಮೇಲೆ ‘ಬಗಲಿನ ಅಳತೆ’, ‘ತೋಳು’ ಎಂದು ಆ ಪಾಠದ ವಿಷಯ, ಕೊನೆಗೆ ಮನೆತನದ ಹೆಸರು. ವಿವರಣೆಯ ಮೊದಲ ಸಾಲಿನಲ್ಲೇ ಇಲ್ಲಿ ಏನು ಕಲಿಸುತ್ತೇವೆಂದು ಬರೆದೆ. ಒಂದು ಪಾಠ ನೋಡಿದವರಿಗೆ ಮುಂದಿನದು ತಾನಾಗಿ ಕಾಣಲೆಂದು ಹೊಸ ಪ್ಲೇಲಿಸ್ಟನ್ನು ‘ಸರಣಿ’ ಎಂದು ಗುರುತಿಸಲು ಹೋದರೆ ಆಗಲಿಲ್ಲ. ಭಾವನವರು ‘ಹೆಮ್ಮೆ’ಯ ಪ್ಲೇಲಿಸ್ಟಿಗೆ ಆಗಲೇ ಆ ಗುರುತು ಹಾಕಿದ್ದರು, ಒಂದು ವಿಡಿಯೊ ಒಂದೇ ಸರಣಿಯಲ್ಲಿ ಇರಲು ಸಾಧ್ಯ. ಆ ಗುರುತು ತೆಗೆಯಲೇ ಎಂದು ಕೇಳಿದೆ. ಭಾವನವರು “ತಗಿ” ಎಂದರು.

ಕೆಲವು ವಾರ ಕಳೆದವು. ತಂಗಿ ಮತ್ತೆ ಫೋನು ಮಾಡಿದಳು. “ಅಕ್ಕಾ, ಈಗ ಹುಡುಕಿದ್ರ ನಿನ್ನ ಪಾಠ ಎಲ್ಲಾ ಒಂದರ ಕೆಳಗ ಒಂದು ಬರ್ತಾವ!” ನನಗೆ ಕಣ್ಣು ತುಂಬಿ ಬಂತು.

ಭಾನುವಾರ ಬಂದ ಭಾವನವರಿಗೂ ಖುಷಿಯಾಯಿತು. “ಇನ್ನ ವಾರಕ್ಕ ಎರಡು ಮಾಡವಾ. ಚೂಡಿದಾರ್ ಸರಣಿ ಸುರು ಮಾಡು. ಏನ್ ಹೆಸರು ಇಡೋದು ನಾ ಹೇಳ್ತೇನಿ.”

“ಪಾಸ್‌ವರ್ಡ್ ನನಗೂ ಇರಲಿರಿ,” ಎಂದೆ.

“ಯಾಕ? ನಾ ಅದೀನಲ್ಲ.”

ನಾನು ಅಲ್ಲೇ ಕೂತಿದ್ದ ಗಂಡನ ಕಡೆ ನೋಡಿದೆ. ಅವರು ಎದ್ದು ನೀರು ಕುಡಿಯಲು ಒಳಗೆ ಹೋದರು. ಇವತ್ತಿಗೂ ಒಂದು ಶೀರ್ಷಿಕೆಯಲ್ಲಿ ಅಕ್ಷರ ತಪ್ಪಾದರೆ ತಿದ್ದಲು ನಾನು ಭಾನುವಾರದವರೆಗೆ ಕಾಯಬೇಕು.