ಅಕ್ಕ ತೋರಿಸಿದ ಕೆಂಪು ವೃತ್ತ

ಅಕ್ಕನ ಕೈ ಚೆನ್ನಾಗಿದೆ ಎಂದು ನಾನು ನಂಬಿದ್ದು ಒಂದು ಕೆಂಪು ವೃತ್ತವನ್ನು ನೋಡಿ.

ಹಂಪಿಯ ಕಲ್ಲುಮಂಟಪಗಳ ನಕ್ಷೆ ಮಾಡುವ ಒಂದು ಸಣ್ಣ ಗುತ್ತಿಗೆ ತಂಡದಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಕಂಬ, ತೊಲೆ, ಗೋಡೆಗಳ ನಕ್ಷೆಗಳು ಪಿಡಿಎಫ್ ಆಗಿ ಟ್ಯಾಬಿನಲ್ಲಿ ಇರುತ್ತಿದ್ದವು. ಅವಳು ಮಂಟಪದ ಎದುರು ನಿಂತು, ಟ್ಯಾಬಿನ ಪೆನ್ನಿನಿಂದ ಆ ನಕ್ಷೆಯ ಮೇಲೆ ಗುರುತು ಹಾಕಬೇಕು. ಸಂದು ಸಡಿಲಾದಲ್ಲಿ ವೃತ್ತ, ಕಲ್ಲು ಒಡೆದಲ್ಲಿ ಚೌಕ, ನೀರು ಜಿನುಗುವ ಕಡೆಗೆ ಬಾಣ. ಪಕ್ಕದ ಟಿಪ್ಪಣಿಯನ್ನು ಟೈಪ್ ಮಾಡುತ್ತಿದ್ದಳು. ಬೆಳಿಗ್ಗೆ ಹೊಸಪೇಟೆಯಿಂದ ಬಸ್ಸು ಹಿಡಿದರೆ ಸಂಜೆಗೆ ಮುಖದ ತುಂಬ ಧೂಳು ಹೊತ್ತು ಬರುತ್ತಿದ್ದಳು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಬ್ಬರ ಚಪ್ಪಲಿ ಸವೆದದ್ದು ಇನ್ನೊಬ್ಬರಿಗೆ ಗೊತ್ತಾಗುವಷ್ಟು ಹತ್ತಿರ ಬದುಕಿದ್ದೇವೆ ಎಂದು ನಾನು ತಿಳಿದಿದ್ದೆ.

ಒಂದು ಸಂಜೆ ಅವಳ ಕೈಯಲ್ಲಿದ್ದ ಚಹಾದ ಕಪ್ ಬಸಿಗೆ ಬಡಿದು ಟಿಕಟಿಕ ಸದ್ದು ಮಾಡಿತು. ನಾನು ಕತ್ತರಿ ಕೆಳಗಿಟ್ಟು ನೋಡಿದೆ.

“ಕೈ ಯಾಕ ನಡಗ್ತೈತಿ?”

“ಬಿಸಲಾಗ ನಿಂತು ನಿಂತು. ಉಂಡ್ರ ಹೋಗ್ತೈತಿ.”

“ಬಳ್ಳಾರಿಗೆ ಹೋಗಿ ತೋರಸಣ ನಡಿ.”

ಅವಳು ನಕ್ಕು ಟ್ಯಾಬ್ ತೆಗೆದಳು. ಒಂದು ಕಂಬದ ನಕ್ಷೆ. ಅದರ ತಲೆಯ ಹತ್ತಿರ ಒಂದು ಕೆಂಪು ವೃತ್ತ. ಬಳೆ ಇಟ್ಟು ಬರೆದಂತಿತ್ತು.

“ಇದನ್ನ ಇವತ್ತ ಹಾಕೀನಿ. ನಡಗೋ ಕೈಯಾಗ ಇಷ್ಟು ದುಂಡಗ ಬರ್ತೈತೇನಲೇ? ನೀ ಸೀಮೆಸುಣ್ಣ ಹಿಡದು ಕೊರಳು ಬರದ್ರ ಬದನಿಕಾಯಿ ಆಗ್ತೈತಿ. ಮೊದಲು ನಿನ್ನ ಕೈ ತೋರಸು ಡಾಕ್ಟರಿಗೆ.”

ನಾನೂ ನಕ್ಕೆ. ಹೊಲಿಗೆಯ ಗೆರೆ ನೋಡಿ ಹೊಲಿದ ಕೈ ಹೇಗಿದೆ ಎಂದು ಹೇಳುವುದು ನನ್ನ ಕಸುಬು. ಆ ಗೆರೆಯಲ್ಲಿ ಒಂದು ಸೊಟ್ಟೂ ಕಾಣಲಿಲ್ಲ. ಆಮೇಲೂ ಎರಡು ಮೂರು ಸಲ ಕೇಳಿದೆ. ಪ್ರತಿ ಸಲವೂ ಅವಳು ಯಾವುದೋ ಹಾಳೆ ತೆರೆದು ತೋರಿಸುತ್ತಿದ್ದಳು. ನಾನು ಸುಮ್ಮನಾಗುತ್ತಿದ್ದೆ.

ಅವಳು ಸ್ನಾನದ ಮನೆಯಲ್ಲಿ ಬಿದ್ದಾಗಲೇ ಬಳ್ಳಾರಿಗೆ ಹೋದದ್ದು. ತಲೆಯೊಳಗೆ ಗಂಟು ಬೆಳೆದಿತ್ತು. ಕೈ ನಡುಕ ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಈಗೀಗ ಶುರುವಾಗಿದೆ ಸರ್ ಎಂದು ನಾನು ಹೇಳಿದೆ. ಅಕ್ಕ ಪಕ್ಕದಲ್ಲೇ ಕುಳಿತಿದ್ದಳು. ಗೋಡೆ ನೋಡುತ್ತಿದ್ದಳು. ಮೊದಲೇ ಬಂದಿದ್ದರೆ ದಾರಿ ಇತ್ತೇನೋ, ಈಗ ಕಷ್ಟ ಎಂದರು ಡಾಕ್ಟರು. ಆಸ್ಪತ್ರೆಯಿಂದ ಅವಳು ನಡೆದು ಮನೆಗೆ ಬರಲಿಲ್ಲ.

ತಿಥಿ ಕರ್ಮಗಳೆಲ್ಲ ಮುಗಿದ ಮೇಲೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಕಂಪ್ಲಿಯಿಂದ ಬಂದರು. ಟ್ಯಾಬ್ ಆಫೀಸಿನದು, ವಾಪಸು ಒಯ್ಯಬೇಕಿತ್ತು. ಅಕ್ಕ ಗುರುತು ಹಾಕಿದ ಕೊನೆಯ ಹಾಳೆಯೊಂದು ಅದರಲ್ಲೇ ಉಳಿದಿದೆ, ಅದನ್ನು ಸಾಪು ಮಾಡಿ, ಅಚ್ಚುಕಟ್ಟಾಗಿಸಿ ಕಳಿಸಬೇಕು ಎಂದರು.

“ಇಲ್ಲೇ ಕುಂದ್ರಿ, ಮಾಡ್ರಿ. ನಾನೂ ನೋಡ್ತೀನಿ” ಎಂದೆ. ಅವಳ ಕೈಯ ಗೆರೆಯನ್ನು ಇನ್ನೊಮ್ಮೆ ನೋಡುವ ಆಸೆ ಇತ್ತು.

ಅವರು ಸ್ವಲ್ಪ ತಡೆದು ಹಾಳೆ ತೆರೆದರು. ನಕ್ಷೆಯ ಮೇಲೆಲ್ಲ ಕೆಂಪು ಗೆರೆಗಳು. ಕೋಳಿ ಕೆದರಿದಂತಿದ್ದವು. ಒಂದು ಗೆರೆ ಹೊರಟ ಜಾಗಕ್ಕೆ ಮರಳಿ ಬಂದಿರಲಿಲ್ಲ. ಇನ್ನೊಂದು ಅಲೆಅಲೆಯಾಗಿ ಕಂಬದಾಚೆಗೆ ಹರಿದುಹೋಗಿತ್ತು.

“ಇದು ಯಾರು ಬರದಿದ್ದು?”

“ನಿಮ್ಮಕ್ಕ.”

“ಅಲ್ಲ ಬಿಡ್ರಿ. ನಮ್ಮಕ್ಕ ಹಾಕಿದ್ದು ನಾ ನೋಡೀನಿ. ಬಳಿ ಇಟ್ಟಂಗಿರ್ತಿತ್ತು.”

ಅವರು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತ ಕುಳಿತರು. ಆಮೇಲೆ ಹೇಳಿದರು.

“ಇದರಾಗ ಒಂದು ಅನುಕೂಲ ಐತ್ರಿ. ಗೆರಿ ಹೆಂಗರ ಎಳೀರಿ, ಪೆನ್ನು ಎತ್ತದಂಗ ಗೆರಿ ತುದಿಯಾಗ ಒಂದ್ ಗಳಿಗಿ ಹಿಡಕೊಂಡ್ರ ಅದು ತಾನ ಸಾಪಾಗ್ತೈತಿ. ಸೊಟ್ಟ ವೃತ್ತ ದುಂಡಗ ಆಗ್ತೈತಿ. ಎಲ್ಲರೂ ಹಂಗ ಮಾಡ್ತೀವಿ. ನಿಮ್ಮಕ್ಕನೂ ಮೊದಲು ಹಂಗ ಮಾಡ್ತಿದ್ರು.”

“ಮೊದಲು ಅಂದ್ರ?”

“ಆಮ್ಯಾಲ ಕೈ ನಿಲ್ಲಲಿಲ್ಲ. ತುದಿಯಾಗ ಪೆನ್ನು ಅಳ್ಳಾಡಿದ್ರ ಅದು ಸಾಪಾಗಂಗಿಲ್ರಿ.”

“ಮತ್ತ ಯಾರು ಮಾಡ್ತಿದ್ರು?”

“ನಾನು.”

ಮಂಟಪದ ನೆರಳಿನಲ್ಲಿ ಕುಳಿತು ಮಾಡುತ್ತಿದ್ದರಂತೆ. ಅಕ್ಕ ಗೀಚಿದ್ದರ ಸುತ್ತ ಇವರು ಒಂದು ಚುಕ್ಕೆ ಗೆರೆ ಎಳೆದು ಅದನ್ನು ಆರಿಸುವುದು, ಆಕಾರಕ್ಕೆ ಬದಲಿಸುವ ಗುಂಡಿ ಒತ್ತುವುದು. ಗೀಚು ಹೋಗಿ ಅದರ ಜಾಗದಲ್ಲಿ ಅಚ್ಚುಕಟ್ಟಾದ ವೃತ್ತವೋ ಚೌಕವೋ ನಿಲ್ಲುತ್ತದೆ.

“ಕೆಲವು ಸಲ ಅದಕ್ಕೂ ತಿಳೀತಿರ್ಲಿಲ್ರಿ. ಒಂದಿನ ಅಕ್ಕಾರು ವೃತ್ತ ಅಂತ ಹಾಕಿದ್ದು ತ್ರಿಕೋನ ಆಗಿ ಕುಂತಿತ್ತು. ‘ನೋಡ್ರಿ, ಇದಕ್ಕ ಹಸಿವಾಗೇತಿ, ಸಮೋಸ ಮಾಡಿಟ್ಟೈತಿ’ ಅಂದ್ರು. ನಕ್ಕು ನಕ್ಕು ಇಬ್ಬರಿಗೂ ಹೊಟ್ಟಿ ನೋವು ಬಂತು. ಅದನ್ನ ತಗದು ನಾನ ಬ್ಯಾರೆ ವೃತ್ತ ಹಾಕಿದೆ.”

ಹೇಳುತ್ತ ಅವರು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಅಕ್ಕನ ಕೈ ನಡುಗುವುದನ್ನು ನೋಡಿ ಜೊತೆಗೆ ನಗುವಷ್ಟು ಸಲಿಗೆ ಈ ಹೆಂಗಸಿಗೆ ಸಿಕ್ಕಿತ್ತು. ನನಗೆ ಮಾತ್ರ ಬಿಸಿಲಿನ ಕತೆ.

“ಯಾವಾಗಿಂದ ಹಿಂಗ?”

“ಮಳಿಗಾಲದಿಂದ್ರಿ.”

ಅಕ್ಕ ಬಿದ್ದದ್ದು ಬೇಸಿಗೆಯ ಹೊಸ್ತಿಲಲ್ಲಿ. ನಡುವೆ ಒಂದು ಇಡೀ ಚಳಿಗಾಲ ಇತ್ತು. ಡಾಕ್ಟರಿಗೆ ನಾನು ಹೇಳಿದ ಉತ್ತರ ನೆನಪಾಯಿತು. ಅಕ್ಕ ನನ್ನ ಬಾಯಿಂದಲೇ ಅಲ್ಲಿ ಸುಳ್ಳು ಹೇಳಿಸಿದ್ದಳು.

“ನನಗ ತೋರಸಿದ ವೃತ್ತ?”

“ಅದನ್ನ ನಿಮಗ ತೋರಸಾಕಂತನ ಮಾಡಿಸಿಕೊಂಡ್ರು. ಮನಿಗೆ ಹೋಗೋಕಿಂತ ಮೊದಲು ಒಂದ್ ಚೊಲೋದು ಮಾಡಿ ಕೊಡ್ರಿ ಅಂತಿದ್ರು.”

“ನೀವು ಒಂದ್ ಮಾತು ನನಗ ಹೇಳಬೌದಿತ್ತು.”

“ಆಣಿ ಹಾಕಿಸಿಕೊಂಡಿದ್ರು. ತಂಗಿಗೆ ಗೊತ್ತಾದ್ರ ನಾಳಿಂದನ ಕೆಲಸ ಬಿಡಸ್ತಾಳ, ಕಲ್ಲು ಬಿಟ್ಟು ಮನ್ಯಾಗ ಕುಂದ್ರಾಕ ನನ್ನಿಂದ ಆಗಂಗಿಲ್ಲ ಅಂತಿದ್ರು.”

ಬಿಡಿಸುತ್ತಿದ್ದೆ, ನಿಜ. ಮರುದಿನವೇ ಬಿಡಿಸುತ್ತಿದ್ದೆ. ಹೊತ್ತುಕೊಂಡಾದರೂ ಬಳ್ಳಾರಿಗೆ ಒಯ್ಯುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಕಂಬಗಳನ್ನು ಆರಿಸಿಕೊಂಡಳು, ನನ್ನನ್ನು ನಂಬಿಸಿ ಸುಮ್ಮನಾಗಿಸಿದಳು. ಸಿಟ್ಟು ಬಂತು. ಜಗಳವಾಡಲು ಎದುರಿಗೆ ಅವಳಿರಲಿಲ್ಲ. ಇದ್ದವರು ಇವರು. ಇವರ ಮೇಲೆ ಕೂಗಲು ನನಗೆ ಬಾಯಿ ಬರಲಿಲ್ಲ.

“ಮೊದಲಿನ ಗೆರಿ ಎಲ್ಲ್ಯರ ಉಳದಾವೇನು?” ಎಂದು ಕೇಳಿದೆ.

“ಇಲ್ರಿ. ಬದಲಿ ಮಾಡಿ, ಸೇವ್ ಮಾಡಿ ಮುಚ್ಚಿದ ಮ್ಯಾಲ ಹಳೇದು ಬರಂಗಿಲ್ಲ. ಇದೊಂದ ಹಾಳಿ ಉಳದಿರೋದು.”

“ಮಾಡ್ರಿ, ನನ್ನ ಮುಂದ.”

ಅವರು ಒಂದೊಂದೇ ಗೀಚನ್ನು ಆರಿಸಿದರು. ಇದು ಚೌಕ, ಇದು ಬಾಣ ಎಂದು ತಮಗೆ ತಾವೇ ಹೇಳಿಕೊಂಡು ಒತ್ತಿದರು. ಪ್ರತಿಯೊಂದೂ ನೆಟ್ಟಗಾಗುವ ಮೊದಲು ನಾನು ನೋಡಿದೆ. ಎಲ್ಲಿ ಹೊರಟಿದ್ದಳು, ಎಲ್ಲಿ ಕೈ ಜಾರಿತು, ಎಲ್ಲಿ ಮತ್ತೆ ಹಟ ಹಿಡಿದು ತಿರುಗಿಸಿದಳು ಎಲ್ಲವೂ ಕಾಣುತ್ತಿತ್ತು. ಇಷ್ಟು ದಿನ ನಾನು ನೋಡಬೇಕಾಗಿದ್ದ ಕೈ ಇದು. ಒತ್ತಿದೊಡನೆ ಹೋಗುತ್ತಿತ್ತು.

ಅರ್ಧಕ್ಕೆ ಬಂದಾಗ ಅವರು ತಡೆದರು. “ಈಗರ ಹಿಂದಕ್ಕ ತರಬೌದ್ರಿ, ಇನ್ನೂ ಮುಚ್ಚಿಲ್ಲ. ಗೆರಿ ಇದ್ದಂಗನ ಇನ್ನೊಂದು ಪ್ರತಿ ತಗದು ನಿಮ್ಮ ಫೋನಿಗೆ ಹಾಕ್ಲೇನು?”

ನನ್ನ ಫೋನು ಹೊಲಿಗೆ ಮಿಷನ್ನಿನ ಮೇಲೆ, ಕೈಗೆ ಸಿಗುವಷ್ಟು ಹತ್ತಿರ ಇತ್ತು.

“ಬ್ಯಾಡ್ರಿ” ಎಂದೆ. “ನನಗ ತೋರಸಬಾರ್ದು ಅಂತ ಅಕಿ ಇಷ್ಟೆಲ್ಲ ಮಾಡ್ಯಾಳ. ತೋರಸಾಂಗಿದ್ರ ಅಕೀನ ತೋರಸತಿದ್ಲು.”

ಅವರು ಉಳಿದ ಅರ್ಧವನ್ನೂ ಮುಗಿಸಿ, ಸೇವ್ ಮಾಡಿ, ಟ್ಯಾಬ್ ಚೀಲಕ್ಕೆ ಹಾಕಿಕೊಂಡು ಕಂಪ್ಲಿ ಬಸ್ಸಿಗೆ ಹೋದರು. ಚಹಾ ಕುಡಿದು ಹೋಗ್ರಿ ಎಂದು ನಾನು ಹೇಳಲಿಲ್ಲ.