ಎಂಟುನೂರು ಅಡಿ ಮೇಲಿನ ಹದ್ದು

ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವ ಪಟಾಕಿರಾಯನಿಗೆ ಹತ್ತೊಂಬತ್ತು ವರ್ಷಗಳಿಂದ ಒಂದೇ ಸಾಮ್ರಾಜ್ಯ: ರನ್‌ವೇ ಮತ್ತು ಅದರ ಮೇಲಿನ ಇನ್ನೂರು ಅಡಿ ಆಕಾಶ. ಹದ್ದುಗಳತ್ತ ಪಟಾಕಿ ಬಂದೂಕು ಸಿಡಿಸಿ ಸಿಡಿಸಿ ಎಡಗಿವಿ ಮಂದವಾಗಿತ್ತು. ನೆರಳಿರುವ ಕಚೇರಿಗೆ ವರ್ಗ ಕೇಳಿದಾಗಲೆಲ್ಲ ಮ್ಯಾನೇಜರ್ ನಗುತ್ತಿದ್ದರು.

"ನಿನ್ನ ಗಡಿಯೊಳಗೆ ಒಂದು ಹಕ್ಕಿನೂ ವಿಮಾನಕ್ಕೆ ಬಡಿದಿಲ್ಲ ಮಾರಾಯ. ನಿನ್ನನ್ನ ಹೇಗೆ ಬಿಡಲಿ? ಬಡಿದ ದಿನ ನೋಡೋಣ."

ಕೊನೆಗೊಂದು ಬೆಳಿಗ್ಗೆ ಬಡಿದೇಬಿಟ್ಟಿತು. ಆಗಷ್ಟೇ ನೆಲ ಬಿಟ್ಟಿದ್ದ ವಿಮಾನ ಸುತ್ತು ಹಾಕಿ ಮರಳಿ ಇಳಿಯಿತು. ಪಟಾಕಿರಾಯ ರನ್‌ವೇ ಉದ್ದಕ್ಕೂ ಸತ್ತ ಹಕ್ಕಿಯನ್ನು ಹುಡುಕಿದ. ಒಂದು ಪುಕ್ಕವೂ ಸಿಗಲಿಲ್ಲ. ಆದರೂ ಪ್ರಯಾಣಿಕರೆಲ್ಲ ಕ್ಷೇಮವೆಂದು ತಿಳಿದ ಮೇಲೆ, ನಾಚುತ್ತಲೇ ಒಳಗೊಳಗೆ ಹಿಗ್ಗಿದ. ಕಚೇರಿಯ ಫ್ಯಾನಿನ ಗಾಳಿ ಆಗಲೇ ಮುಖಕ್ಕೆ ಬೀಸಿದಂತಾಯಿತು.

ಪೈಲಟ್ ಕೊಟ್ಟ ವರದಿಯನ್ನು ಮ್ಯಾನೇಜರ್ ಓದಿದರು: "ಟೇಕ್‌ಆಫ್ ನಂತರದ ಏರಿಕೆ, ಎಂಟುನೂರು ಅಡಿ. ಒಂದು ಹದ್ದು. ವಿಮಾನದ ಮೂತಿಯಲ್ಲಿ ತಗ್ಗು. ಎಂಜಿನ್‌ಗಳಿಗೆ ಹಾನಿಯಿಲ್ಲ."

"ಎಂಟುನೂರಾ ಸಾರ್? ಸರಿಯಾಗಿ ನೋಡಿ, ನೂರಾ ಎಂಬತ್ತು ಇರಬೇಕು!"

"ಎಂಟುನೂರೇ ಕಣಯ್ಯ. ನಿನ್ನ ಗಡಿಯ ಹೊರಗೆ. ನಿನ್ನ ದಾಖಲೆಗೆ ಒಂದು ಗೀರೂ ಬಿದ್ದಿಲ್ಲ, ಶಹಬ್ಬಾಸ್!"

ಹಾಗೆಂದು ಬೆನ್ನು ತಟ್ಟಿದ ಮ್ಯಾನೇಜರ್, ಪಟಾಕಿಯ ಹೊಸ ಡಬ್ಬಿಯೊಂದನ್ನು ಇನ್ನೂರು ಅಡಿ ಆಕಾಶದ ಚಕ್ರವರ್ತಿಯ ಕೈಗಿಟ್ಟರು.