ಬಾಡಿ ಬಟರ್ ಹಚ್ಚಿದ ಕೈ

ಚಳಿಗಾಲ ಶುರುವಾಯಿತೆಂದರೆ ನನಗೆ ಅವ್ವನ ಬೆರಳುಗಳು ಕಾಣತೊಡಗುತ್ತವೆ. ಅಂಗಡಿಯ ಗಲ್ಲೆಯ ಮುಂದೆ ಯಾರೇ ಕೈ ಚಾಚಲಿ, ಅವು ಅವ್ವನ ಕೈಗಳೇ ಅನ್ನಿಸುತ್ತವೆ.

ಬನಹಟ್ಟಿಯ ಕೈಮಗ್ಗಗಳಲ್ಲಿ ಅವ್ವ ಎಳೆ ಕೂಡಿಸುತ್ತಿದ್ದಳು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳು, ನೇಯ್ದು ಮುಗಿದಾಗ, ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಗಂಟಿಲ್ಲ, ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿ ಹೊಸೆಯುವುದು, ಅಷ್ಟೇ. ಅವ್ವ ಕೂಡಿಸಿದ್ದು ಬಿಚ್ಚುವುದಿಲ್ಲ ಎಂದು ಓಣಿಗೆಲ್ಲ ಗೊತ್ತಿತ್ತು. ಅವಳಿಗೆ ಅದರ ಸೊಕ್ಕೂ ಇತ್ತು.

ಚಳಿಯಲ್ಲಿ ಮಾತ್ರ ಅವಳ ಬೆರಳು ಒಡೆದು ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ನಾನು ಆಗಷ್ಟೇ ಪೇಟೆಯ ಫ್ಯಾನ್ಸಿ ಸ್ಟೋರಿಗೆ ಕೆಲಸಕ್ಕೆ ಸೇರಿದ್ದೆ. ಎಲ್ಲ ತಿಳಿದವಳಂತೆ, ಕಪಾಟಿನಲ್ಲಿದ್ದ ಎಲ್ಲಕ್ಕಿಂತ ಗಟ್ಟಿಯಾದ ಬಾಡಿ ಬಟರ್ ಡಬ್ಬಿ ತಂದುಕೊಟ್ಟೆ. ಗಟ್ಟಿ ಇದ್ದದ್ದೇ ಛಲೋ ಎಂಬುದು ನನ್ನ ಬುದ್ಧಿ.

“ಮುಂಜಾನಿ ಕೆಲಸಕ್ಕ ಹೋಗೂ ಮುಂದ ಹಚ್ಚಿಕೊಂಡು ಹೋಗಬೇ” ಎಂದು ನಾನೇ ಹೇಳಿದೆ.

ವಾರದಲ್ಲಿ ಅವಳ ಬಿರುಕುಗಳು ಮುಚ್ಚಿದವು. ಆದರೆ ಹೊಸ ಹಾಸನ್ನು ಮಗ್ಗದ ಬಾಚಣಿಗೆಯಂಥ ಫಣಿಯೊಳಗಿಂದ ಎಳೆಯುವಾಗ ಅವಳು ಕೂಡಿಸಿದ ಎಳೆಗಳು ಸಾಲಾಗಿ ಬಿಚ್ಚಿಕೊಂಡವು. ಎರಡನೇ ಮಗ್ಗದಲ್ಲೂ ಹಾಗೇ ಆಯಿತು. ಮಗ್ಗದ ಮಾಲಕರು ಮನೆತನಕ ಬಂದರು.

“ಅಕ್ಕಾರ, ಇನ್ನ ಸಾಕು ಮಾಡ್ರಿ. ವಯಸ್ಸಾತು, ಬೆರಳಾಗ ಮೊದಲಿನ ಹಿಡಿತ ಉಳದಿಲ್ರಿ” ಎಂದರು. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳು ಯಾರ ಮುಂದೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ತಿಂಗಳು ಕಂಪನಿಯ ಮಾರಾಟದ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ನನ್ನ ಮುಂಗೈ ಮೇಲೆ ಮೂರು ಕಡೆ ಮೂರು ಬಗೆ ಹಚ್ಚಿದಳು. ಲೋಷನ್ನಿನಲ್ಲಿ ನೀರೇ ಹೆಚ್ಚು. ಹರಡಿದ ಸ್ವಲ್ಪ ಹೊತ್ತಿಗೆ ಆರಿ, ಕೈ ಹಗುರಾಯಿತು. ಕ್ರೀಮಿನಲ್ಲಿ ನೀರಿನ ಜೊತೆ ಜಿಡ್ಡೂ ಜಾಸ್ತಿ. ಅದು ತಡವಾಗಿ ಇಂಗಿತು. ನಾನು ಅವ್ವನಿಗೆ ಕೊಟ್ಟಿದ್ದ ಆ ಬಟರಿನಲ್ಲಿ ನೀರೇ ಇಲ್ಲ, ಬರೀ ಕೊಬ್ಬು. ತೇವದ ಮೇಲೆ ಹಚ್ಚಿದರೆ ಒಳಗಿನ ಪಸೆ ಆರದಂತೆ ಮುಚ್ಚಿಡುತ್ತದೆ, ಆದರೆ ಜಿಡ್ಡು ಮೇಲೇ ಕೂರುತ್ತದೆ.

“ಒಡದ ಹಿಮ್ಮಡಿಗೆ ಮಲಗೂ ಮುಂದ ಇದು ಪಾಡ್ರಿ. ಹಗಲೊತ್ತು ಕೆಲಸ ಮಾಡೂ ಕೈಗೆ ಲೋಷನ್ ಕೊಡ್ರಿ” ಎಂದಳು. “ಇದನ್ನ ಹಚ್ಚಿದ್ರ ಹಿಡದದ್ದೆಲ್ಲಾ ಜಾರತೈತ್ರಿ.”

ಅವ್ವನ ಎಳೆ ಬಿಚ್ಚಿದ್ದು ವಯಸ್ಸಿನಿಂದಲ್ಲ, ನನ್ನ ಡಬ್ಬಿಯಿಂದ. ಇವತ್ತೇ ಹೇಳಿಬಿಡಬೇಕೆಂದು ಮನೆಗೆ ಓಡಿದೆ. ಅವ್ವ ಹೊಸ್ತಿಲಲ್ಲಿ ಕೂತು ಅದೇ ಡಬ್ಬಿಯಿಂದ ತೆಗೆದು ಅಂಗೈ ತಿಕ್ಕಿಕೊಳ್ಳುತ್ತಿದ್ದಳು.

“ಕೆಲಸ ಅಂತೂ ಹೋತು. ನೀ ತಂದದ್ದರಿಂದ ಕೈಯರ ನೆಟ್ಟಗಾದ್ವು ನೋಡು” ಎಂದು ನಕ್ಕಳು. ಆಗಲೇ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಹೇಳದೆಯೇ ಅವಳನ್ನು ದಾಟಿ ಒಳಗೆ ಹೋದೆ. ಹೇಡಿ ನಾನು.

ಮುಂದೆ ಪ್ರತಿ ಚಳಿಗಾಲವೂ ಅವಳು ಅದೇ ಡಬ್ಬಿ ಕೇಳಿದಳು, ನಾನು ತಂದುಕೊಟ್ಟೆ. ಬೇರೆ ತಂದರೆ ಯಾಕೆಂದು ಕೇಳಿಯಾಳೆಂಬ ಭಯ. ಜಿಡ್ಡುಗೈಯಲ್ಲೇ ಸೆರಗಿನ ಅಂಚಿನಿಂದ ಎರಡು ಎಳೆ ಎಳೆದು ಹೊಸೆಯುವಳು. ಅದು ಜಾರಿ ಬಿಚ್ಚುವುದು. “ನೋಡಿದೇನ? ಮಗ್ಗದವ್ರೇನ ಸುಳ್ಳ ಹೇಳಿದ್ದಿಲ್ಲ” ಎನ್ನುವಳು. ಅಂಗಡಿಯಲ್ಲಿ ಮಾತ್ರ ನಾನು ಬಂದವರನ್ನೆಲ್ಲ, ನಿಮ್ಮ ಕೈ ಹಗಲು ಏನು ಕೆಲಸ ಮಾಡುತ್ತದೆ ಎಂದು ಪೀಡಿಸುತ್ತಿದ್ದೆ. ಅಂಗಡಿಯ ಮಾಲಕಿಗೆ ನಗೆ. ನನ್ನ ಬೆನ್ನ ಹಿಂದೆ ನಿಂತು ಹಾಗೆ ಕೇಳುವಂತೆ ಮಾಡುತ್ತಿದ್ದವಳು ಅವ್ವ ಎಂದು ಅವರಿಗೇನು ಗೊತ್ತು.

ಅವ್ವ ಹಾಸಿಗೆ ಹಿಡಿದ ಕೊನೆಯ ಚಳಿಗಾಲ, ಬಟರ್ ಜಿಗಿಜಿಗಿ ಅಂತ ಗೊಣಗಿದಳು. ಸ್ನಾನ ಮಾಡಿಸಿದ ಮೇಲೆ ಇನ್ನೂ ಹಸಿಯಿದ್ದ ಕೈಗೆ ನಾನು ಲೋಷನ್ ಹಚ್ಚಿದೆ. ಅದು ಆರಿತು. ಅವಳು ರೂಢಿಯಂತೆ ಚಾದರದ ಅಂಚಿನಿಂದ ಎರಡು ಎಳೆ ತೆಗೆದು ಹೊಸೆದಳು. ಎಳೆದು ನೋಡಿದಳು. ಬಿಚ್ಚಲಿಲ್ಲ. ಮತ್ತೆ ಜಗ್ಗಿದಳು.

“ಇದೇನ ಹಚ್ಚಿದಿ?”

“ಲೋಷನ್ ಅವ್ವ. ಜಿಡ್ಡ ಇರಂಗಿಲ್ಲ.”

ಅವಳು ಆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಆವಾಗ ಇದು ನಿಮ್ಮ ಅಂಗಡ್ಯಾಗ ಇದ್ದಿದ್ದಿಲ್ಲೇನ?”

“ಇತ್ತವ್ವ” ಎಂದೆ.

ಅವ್ವ ಗೋಡೆಯ ಕಡೆ ಹೊರಳಿ, ಸಂಜೆಯತನಕ ಚಾದರದ ಅಂಚಿನ ಎಳೆ ತೆಗೆದು ತೆಗೆದು ಕೂಡಿಸಿದಳು. ಆ ಚಾದರ ನನ್ನ ಬಳಿಯೇ ಇದೆ. ಎಷ್ಟೋ ಸಲ ಒಗೆದಿದ್ದೇನೆ. ಒಂದು ಎಳೆಯೂ ಬಿಚ್ಚಿಲ್ಲ.